ಬಾಕ್ಸ್ ಸ್ಪ್ರೆಡ್: ಆಯ್ಕೆ ಕರಾರುಗಳೊಳಗೆ ಅಡಗಿರುವ ಸಾಲ

ನುಗ್ಗೇಹಳ್ಳಿಯ ತೆಂಗು ಬೆಳೆಗಾರರೊಬ್ಬರು ತಮ್ಮ ತೋಟವನ್ನು ಪರಿಚಿತ ವರ್ತಕರಿಗೆ 5 ಲಕ್ಷ ರೂಪಾಯಿಗೆ ಕ್ರಯಕ್ಕೆ ಬರೆದುಕೊಟ್ಟು, ಒಂದು ವರ್ಷದ ನಂತರ 5.5 ಲಕ್ಷ ಕೊಟ್ಟು ಮರಳಿ ಪಡೆಯುವ ಷರತ್ತನ್ನು ಅದೇ ಪತ್ರದಲ್ಲಿ ಹಾಕಿಸಿದರು ಎಂದು ಭಾವಿಸಬಹುದು. ಪತ್ರದಲ್ಲಿ ಸಾಲವೆಂಬ ಮಾತಿಲ್ಲ, ಬಡ್ಡಿಯ ದರವೂ ಇಲ್ಲ. ಆದರೂ ಇದು ಶೇ 10ರ ಬಡ್ಡಿಯ ಸಾಲವೆಂಬುದು ಇಬ್ಬರಿಗೂ ತಿಳಿದಿರುತ್ತದೆ. 1882ರ ಆಸ್ತಿ ವರ್ಗಾವಣೆ ಅಧಿನಿಯಮವು ಇಂತಹ ಷರತ್ತಿನ ಕ್ರಯವನ್ನು ಅಡಮಾನದ ಒಂದು ಬಗೆಯೆಂದೇ ಪರಿಗಣಿಸುತ್ತದೆ. ಕೊಡುವ ದರ, ಮರಳಿ ಕೊಳ್ಳುವ ದರ ಎರಡೂ ಮೊದಲೇ ನಿಶ್ಚಯವಾಗಿದ್ದರೆ, ನಡುವಿನ ವ್ಯತ್ಯಾಸ ಬಡ್ಡಿಯಲ್ಲದೆ ಬೇರೇನೂ ಆಗಲಾರದು.

ಷೇರುಪೇಟೆಯ ಆಯ್ಕೆ ಕರಾರುಗಳನ್ನು, ಅಂದರೆ ಆಪ್ಷನ್‌ಗಳನ್ನು, ಜೋಡಿಸಿ ಇದೇ ವ್ಯವಹಾರವನ್ನು ನಡೆಸಬಹುದು. ಅದರ ಹೆಸರು ಬಾಕ್ಸ್ ಸ್ಪ್ರೆಡ್. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ 2001ರ ಜೂನ್‌ನಿಂದ ವಹಿವಾಟಾಗುತ್ತಿರುವ ನಿಫ್ಟಿ ಆಯ್ಕೆಗಳು ಇದಕ್ಕೆ ತಕ್ಕ ಉದಾಹರಣೆ.

ಕಾಲ್ ಎಂಬುದು ನಿಗದಿತ ದರಕ್ಕೆ ಕೊಳ್ಳುವ ಹಕ್ಕು. ಪುಟ್ ಎಂಬುದು ನಿಗದಿತ ದರಕ್ಕೆ ಮಾರುವ ಹಕ್ಕು. ಒಂದೇ ದರದ ಕಾಲ್ ಕೊಂಡು ಪುಟ್ ಮಾರಿದವರು, ಅವಧಿ ಮುಗಿದ ದಿನ ಸೂಚ್ಯಂಕ ಎಲ್ಲಿಯೇ ಇರಲಿ, ಆ ದರಕ್ಕೆ ಕೊಂಡಂತೆಯೇ ಆಗುತ್ತದೆ. ಪುಟ್ ಕೊಂಡು ಕಾಲ್ ಮಾರಿದವರು ಆ ದರಕ್ಕೆ ಮಾರಿದಂತಾಗುತ್ತದೆ. 24,000ದ ದರದಲ್ಲಿ ಮೊದಲನೆಯದನ್ನೂ 25,000ದ ದರದಲ್ಲಿ ಎರಡನೆಯದನ್ನೂ ಒಟ್ಟಿಗೆ ಮಾಡಿದರೆ ಬಾಕ್ಸ್ ಸಿದ್ಧವಾಗುತ್ತದೆ. 24,000ಕ್ಕೆ ಕೊಂಡು 25,000ಕ್ಕೆ ಮಾರಿದ್ದರಿಂದ ಕೊನೆಯ ದಿನ ಕೈಸೇರುವುದು 1,000 ರೂಪಾಯಿ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಲೆಕ್ಕಕ್ಕಾಗಿ 73 ದಿನಗಳ, ಅಂದರೆ ವರ್ಷದ ಐದನೆಯ ಒಂದು ಭಾಗದ ಅವಧಿಯನ್ನು ಹಿಡಿಯಬಹುದು. 24,000ದ ಕಾಲ್‌ಗೆ 1,030, ಪುಟ್‌ಗೆ 240. 25,000ದ ಕಾಲ್‌ಗೆ 475, ಪುಟ್‌ಗೆ 672 ರೂಪಾಯಿ ಪ್ರೀಮಿಯಂ ಇರಲಿ. ಕೊಂಡ ಎರಡು ಆಯ್ಕೆಗಳಿಗೆ ಕೊಟ್ಟದ್ದು 1,702. ಮಾರಿದ ಎರಡರಿಂದ ಬಂದದ್ದು 715. ನಿವ್ವಳವಾಗಿ ಹೊರಹೋದ ಹಣ 987 ರೂಪಾಯಿ.

ಕೊನೆಯ ದಿನ ನಿಫ್ಟಿ 23,000ಕ್ಕೆ ಕುಸಿದಿದ್ದರೆ ಎರಡು ಕಾಲ್‌ಗಳೂ ಶೂನ್ಯವಾಗುತ್ತವೆ. ಕೊಂಡ ಪುಟ್‌ನಿಂದ 2,000 ಬರುತ್ತದೆ, ಮಾರಿದ ಪುಟ್‌ಗಾಗಿ 1,000 ಕೊಡಬೇಕಾಗುತ್ತದೆ, ಉಳಿಯುವುದು 1,000. ನಿಫ್ಟಿ 26,500ಕ್ಕೆ ಏರಿದ್ದರೆ ಕೊಂಡ ಕಾಲ್‌ನಿಂದ 2,500 ಬಂದು, ಮಾರಿದ ಕಾಲ್‌ಗೆ 1,500 ಹೋಗುತ್ತದೆ. ಉಳಿಯುವುದು ಮತ್ತೆ 1,000. ನಡುವೆ 24,600ರಲ್ಲಿ ನಿಂತರೂ ಕೊಂಡ ಕಾಲ್‌ನ 600, ಕೊಂಡ ಪುಟ್‌ನ 400 ಸೇರಿ ಅದೇ ಮೊತ್ತ. 987 ಕೊಟ್ಟು 73 ದಿನಗಳ ನಂತರ 1,000 ಪಡೆಯುವುದೆಂದರೆ ವರ್ಷಕ್ಕೆ ಸುಮಾರು ಶೇ 6.6ರ ಬಡ್ಡಿಗೆ ಸಾಲ ಕೊಟ್ಟಂತೆ. ಎದುರಿನಲ್ಲಿ ಬಾಕ್ಸ್ ಮಾರಿದವರು ಅದೇ ದರಕ್ಕೆ ಸಾಲ ಪಡೆದವರಾಗುತ್ತಾರೆ.

ಈ ಬೆಲೆ 987ರ ಆಸುಪಾಸಿನಲ್ಲೇ ಏಕೆ ನಿಲ್ಲಬೇಕು? ಸೂಚ್ಯಂಕದ ಏರಿಳಿತ, ಲಾಭಾಂಶ, ಪೇಟೆಯ ಉದ್ವೇಗ ಇವೆಲ್ಲವೂ ಒಂದೊಂದು ಆಯ್ಕೆಯ ಪ್ರೀಮಿಯಂನೊಳಗೂ ಸೇರಿರುತ್ತವೆ. ಆದರೆ ಕೊಂಡದ್ದೂ ಮಾರಿದ್ದೂ ಒಂದೇ ವಸ್ತುವಾದ್ದರಿಂದ ಬಾಕ್ಸ್‌ನಲ್ಲಿ ಅವು ಪರಸ್ಪರ ಹೊಡೆದುಹೋಗುತ್ತವೆ. ಉಳಿಯುವುದು ಕಾಲ ಮಾತ್ರ; ಕಾಲದ ಬೆಲೆಯೇ ಬಡ್ಡಿ. ಬಾಕ್ಸ್ 975ಕ್ಕೆ ದೊರೆತರೆ ಅದು ವರ್ಷಕ್ಕೆ ಶೇ 12.8ರ ಪ್ರತಿಫಲವಾಗುತ್ತದೆ. ಅದಕ್ಕಿಂತ ಅಗ್ಗದ ಹಣವುಳ್ಳ ಸಂಸ್ಥೆಗಳು ಕೊಳ್ಳಲು ಮುನ್ನುಗ್ಗಿ ಬೆಲೆಯನ್ನು ಏರಿಸುತ್ತವೆ. 995ಕ್ಕೆ ಏರಿದರೆ, ಅದನ್ನು ಮಾರಿ ಬಂದ ಹಣವನ್ನು ಶೇ 6.6ರ ಖಜಾನೆ ಹುಂಡಿಯಲ್ಲಿಟ್ಟವರಿಗೆ ಕೊನೆಗೆ 1,008 ಬರುತ್ತದೆ. 1,000 ತೀರಿಸಿದ ಮೇಲೂ 8 ರೂಪಾಯಿ ಉಳಿಯುತ್ತದೆ. ಮಾರುವವರು ಹೆಚ್ಚಿ ಬೆಲೆ ಇಳಿಯುತ್ತದೆ. ಪೇಟೆಯ ಬಡ್ಡಿ ಶೇ 8 ಆದರೆ ಇದೇ ಬಾಕ್ಸ್‌ನ ಬೆಲೆ ಸುಮಾರು 984. ಶೇ 5ಕ್ಕೆ ಇಳಿದರೆ 990. ಬಡ್ಡಿ ಏರಿದಂತೆ ಬಾಕ್ಸ್ ಅಗ್ಗವಾಗುವುದು ಹುಂಡಿಯ ವಟಾವಣೆಯ ನಿಯಮವೇ.

ಈ ಲೆಕ್ಕವನ್ನು ಕಂಡು, ಬ್ಯಾಂಕಿಗೆ ಹೋಗದೆ ಅಗ್ಗದ ಸಾಲ ಪಡೆಯಬಹುದೆಂದು ವರ್ತಕರು ಭಾವಿಸುವುದು ಸಹಜ. ಅಡ್ಡಿ ಇರುವುದು ಇಲ್ಲಿಯೇ. ಬಾಕ್ಸ್ ಮಾರಿದವರು ಕೊನೆಗೆ 1,000 ಕೊಡಲೇಬೇಕಾದ್ದರಿಂದ ಪೇಟೆಯ ತೀರುವೆ ನಿಗಮವು ಅವರಿಂದ ಮಾರ್ಜಿನ್ ಕೇಳುತ್ತದೆ. ಬೇರೆ ಒತ್ತೆ ಇಲ್ಲದವರ ಪಾಲಿಗೆ, ಬಂದ 987 ರೂಪಾಯಿ ಆ ಮಾರ್ಜಿನ್‌ನಲ್ಲೇ ಸಿಲುಕಿಕೊಳ್ಳುತ್ತದೆ. ಸರ್ಕಾರಿ ಸಾಲಪತ್ರಗಳನ್ನೋ ಅನುಮೋದಿತ ಷೇರುಗಳನ್ನೋ ಒತ್ತೆಯಿಡಬಲ್ಲವರಿಗೆ ಮಾತ್ರ ಇದು ನಿಜವಾದ ಸಾಲ. ಅಂದರೆ ಇದು ಒತ್ತೆಯ ಮೇಲಿನ ಸಾಲವೇ ಹೊರತು ಬರಿಗೈಯವರ ಸಾಲವಲ್ಲ.

ಎರಡನೆಯ ಅಡ್ಡಿ ಖರ್ಚು. ಬಾಕ್ಸ್‌ಗೆ ನಾಲ್ಕು ವಹಿವಾಟುಗಳು ಬೇಕು. ಕೊಳ್ಳುವ ಮತ್ತು ಮಾರುವ ದರಗಳ ಅಂತರದಲ್ಲಿ ಪ್ರತಿಯೊಂದಕ್ಕೂ 2 ರೂಪಾಯಿ ಕಳೆದುಕೊಂಡರೆ 987ರ ಬಾಕ್ಸ್ 995ಕ್ಕೆ ಬೀಳುತ್ತದೆ, ಶೇ 6.6ರ ಪ್ರತಿಫಲ ಶೇ 2.5ಕ್ಕೆ ಕುಗ್ಗುತ್ತದೆ. ದೂರದ ತಿಂಗಳುಗಳ ಕರಾರುಗಳಲ್ಲಿ ವಹಿವಾಟು ವಿರಳವಾದ್ದರಿಂದ ಈ ಅಂತರ ಇನ್ನೂ ಹೆಚ್ಚಿರುತ್ತದೆ. ದಲ್ಲಾಳಿ ಶುಲ್ಕ ಹಾಗೂ ಮಾರಿದ ಆಯ್ಕೆಗಳ ಮೇಲಿನ ಷೇರು ವಹಿವಾಟು ತೆರಿಗೆ ಇದರ ಮೇಲೆ. ಕೊಂಡ ಆಯ್ಕೆ ಲಾಭದಲ್ಲಿ ಮುಕ್ತಾಯವಾದರೆ ಅದಕ್ಕೂ ಇದೇ ತೆರಿಗೆ ಉಂಟು. 2019ರ ಸೆಪ್ಟೆಂಬರ್‌ಗೆ ಮುಂಚೆ ಅದನ್ನು ಸೂಚ್ಯಂಕದ ಪೂರ್ಣ ಮಟ್ಟದ ಮೇಲೆ ಶೇ 0.125ರಂತೆ ಲೆಕ್ಕ ಹಾಕಲಾಗುತ್ತಿತ್ತು. 23,000ದ ಮಟ್ಟದಲ್ಲಿ ಅದು 28.75 ರೂಪಾಯಿ, 13 ರೂಪಾಯಿಯ ಬಡ್ಡಿಯನ್ನು ನುಂಗಿ ಅಸಲಿಗೂ ಕೈಹಾಕುವಷ್ಟು. ಈಗ ತೆರಿಗೆ ಬೀಳುವುದು ನಿಗದಿತ ದರಕ್ಕೂ ಮುಕ್ತಾಯದ ದರಕ್ಕೂ ನಡುವಿನ ವ್ಯತ್ಯಾಸದ ಮೇಲೆ ಮಾತ್ರ. ಆದರೂ ಸೂಚ್ಯಂಕ ದೂರ ಸರಿದಷ್ಟೂ ತೆರಿಗೆ ಬೆಳೆಯುವುದರಿಂದ, ನಿಶ್ಚಿತವೆಂದು ತೋರುವ ಪ್ರತಿಫಲ ಪೂರ್ಣ ನಿಶ್ಚಿತವಲ್ಲ.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ. ನಾಲ್ಕೂ ಆಯ್ಕೆಗಳು ಕೊನೆಯ ದಿನದವರೆಗೆ ಒಟ್ಟಿಗೆ ಉಳಿದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಯಾವಾಗ ಬೇಕಾದರೂ ಹಕ್ಕು ಚಲಾಯಿಸಬಹುದಾದ ಅಮೆರಿಕನ್ ಮಾದರಿಯ ಆಯ್ಕೆಗಳಲ್ಲಿ ಆ ಭರವಸೆ ಇಲ್ಲ. 2019ರ ಜನವರಿಯಲ್ಲಿ ಅಮೆರಿಕದ ಸಣ್ಣ ಹೂಡಿಕೆದಾರನೊಬ್ಬ ಅಂತಹ ಆಯ್ಕೆಗಳಲ್ಲಿ ಬಾಕ್ಸ್ ಮಾರಿ, ನಷ್ಟಕ್ಕೆ ಎಡೆಯೇ ಇಲ್ಲವೆಂದು ನಂಬಿದ್ದ. ಎದುರಿನವರು ಅವಧಿಗೆ ಮೊದಲೇ ಹಕ್ಕು ಚಲಾಯಿಸಿದಾಗ ಪೆಟ್ಟಿಗೆಯ ಒಂದು ಬದಿ ಕಳಚಿ, ಸುಮಾರು 5,000 ಡಾಲರ್ ಹೂಡಿದ್ದ ಆತನಿಗೆ 57,000 ಡಾಲರ್‌ನಷ್ಟು ನಷ್ಟವಾಯಿತು. ನಿಫ್ಟಿ ಆಯ್ಕೆಗಳು ಕೊನೆಯ ದಿನ ಮಾತ್ರ ಚಲಾಯಿಸಬಹುದಾದ ಯುರೋಪಿಯನ್ ಮಾದರಿಯವು, ಹಣದಲ್ಲೇ ಇತ್ಯರ್ಥವಾಗುತ್ತವೆ. ಬಿಡಿ ಕಂಪನಿಗಳ ಷೇರಿನ ಆಯ್ಕೆಗಳೂ 2011ರಿಂದ ಅದೇ ಮಾದರಿಗೆ ಬಂದಿವೆಯಾದರೂ, ಅವುಗಳ ಇತ್ಯರ್ಥ ಷೇರುಗಳ ವಿತರಣೆಯ ಮೂಲಕ ನಡೆಯುವುದರಿಂದ ಬಾಕ್ಸ್‌ಗೆ ಅಷ್ಟು ಹೊಂದುವುದಿಲ್ಲ.

ಆದ್ದರಿಂದ ಬಾಕ್ಸ್ ಒಂದು ಶೇ 12ರ ಪ್ರತಿಫಲ ತೋರಿಸಿದಾಗ ಅದನ್ನು ಪೇಟೆಯ ಮರೆವೆಂದು ಎಣಿಸುವ ಮುನ್ನ ಅದೇ ಅವಧಿಯ ಖಜಾನೆ ಹುಂಡಿಯ ದರದೊಡನೆ ಹೋಲಿಸಬೇಕು. ಎರಡಕ್ಕೂ ಬಹಳ ಅಂತರವಿದ್ದರೆ, ನಾಲ್ಕರಲ್ಲಿ ಒಂದು ದರ ಹಳೆಯದಾಗಿರುತ್ತದೆ, ಇಲ್ಲವೇ ಆ ದರಕ್ಕೆ ಕೊಡುವವರು ಇರುವುದಿಲ್ಲ, ಇಲ್ಲವೇ ಖರ್ಚೊಂದು ಲೆಕ್ಕದಿಂದ ಬಿಟ್ಟುಹೋಗಿರುತ್ತದೆ.