‘ವೀಗನ್’, ‘ಕ್ರೂಯೆಲ್ಟಿ ಫ್ರೀ’, ‘ಆರ್ಗ್ಯಾನಿಕ್’: ಲಿಪ್ ಬಾಮ್ ಮೇಲಿನ ಯಾವ ಮುದ್ರೆಗೆ ಬೆಲೆ ಇದೆ?

ಬೊಮ್ಮಸಂದ್ರ: ಸಂಬಳ ಆದ ವಾರ ಹೊಸೂರು ರಸ್ತೆ ಪಕ್ಕದ ಫ್ಯಾನ್ಸಿ ಸ್ಟೋರ್‌ಗಳಿಗೆ ಹೋದರೆ ಒಂದೇ ಸಾಲಿನಲ್ಲಿ ಎರಡು ಥರದ ಲಿಪ್ ಬಾಮ್ ಸಿಗುತ್ತೆ. ಒಂದು ಸಾದಾ. ಇನ್ನೊಂದರ ಮೇಲೆ ಮೊಲದ ಚಿತ್ರ, ಹಸಿರು ಚುಕ್ಕಿ, ‘ಆರ್ಗ್ಯಾನಿಕ್’ ಅನ್ನೋ ಪದ, ಜತೆಗೆ ಎರಡು ಮೂರು ಪಟ್ಟು ರೇಟು. ಆ ಹೆಚ್ಚಿನ ದುಡ್ಡು ಯಾವುದಕ್ಕೆ ಹೋಗ್ತಿದೆ ಅಂತ ತಿಳಿಯೋಕೆ ಅಂಥ ಒಂದು 4 ಗ್ರಾಂ ಬಾಮ್ ಅನ್ನೇ ಕೈಗೆತ್ತಿಕೊಂಡು ನೋಡೋಣ.

ಮೊದಲು ಮೊಲ

ಭಾರತದಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡೋದನ್ನು 2014ರಲ್ಲೇ ನಿಷೇಧಿಸಲಾಗಿದೆ. ಹಾಗೆ ಪರೀಕ್ಷಿಸಿದ ಸಾಮಾನಿನ ಆಮದನ್ನೂ ಅದೇ ವರ್ಷ ನಿಲ್ಲಿಸಲಾಯಿತು. ಅಂದರೆ ಇಲ್ಲೇ ತಯಾರಾಗಿ ಇಲ್ಲೇ ಮಾರಾಟವಾಗುವ ಬಾಮ್ ‘ಕ್ರೂಯೆಲ್ಟಿ ಫ್ರೀ’ ಅಂತ ಬರೆದುಕೊಂಡರೆ, ಅದು ಬಹುಪಾಲು ಕಾನೂನನ್ನು ಪಾಲಿಸ್ತಿದ್ದೇವೆ ಅಂತ ಹೇಳಿದ ಹಾಗೆ. ಪಕ್ಕದ ಸಾದಾ ಬಾಮ್‌ಗೂ ಅದೇ ಕಾನೂನು ಅನ್ವಯಿಸುತ್ತೆ.

ಪ್ರಶ್ನೆ ಉಳಿಯೋದು ಕಚ್ಚಾವಸ್ತುವಿನ ಬಗ್ಗೆ. ಬಾಮ್‌ನಲ್ಲಿರುವ ಬಣ್ಣ, ಸುವಾಸನೆ ಬೇರೆ ದೇಶದ ಸರಬರಾಜುದಾರರಿಂದ ಬಂದಿರಬಹುದು. ಅಲ್ಲಿವರೆಗೂ ಹೋಗಿ ಕೇಳುವ ಮುದ್ರೆ ‘ಲೀಪಿಂಗ್ ಬನ್ನಿ’, ಅಂದರೆ ಜಿಗಿಯುವ ಮೊಲ. ಇದಕ್ಕೆ ಕಂಪನಿ ಒಂದು ದಿನಾಂಕ ಗೊತ್ತುಮಾಡಬೇಕು. ಆ ದಿನದ ನಂತರ ಯಾವ ಸರಬರಾಜುದಾರರೂ ಪ್ರಾಣಿ ಪರೀಕ್ಷೆ ಮಾಡಿಲ್ಲ ಅಂತ ದಾಖಲೆ ಇಡಬೇಕು, ಹೊರಗಿನವರ ಆಡಿಟ್‌ಗೂ ಒಪ್ಪಬೇಕು. ‘ಪೆಟಾ’ ಸಂಸ್ಥೆಯ ಮೊಲವೂ ಇದೆ. ಅದು ಮುಖ್ಯವಾಗಿ ಕಂಪನಿ ಬರವಣಿಗೆಯಲ್ಲಿ ಕೊಟ್ಟ ಭರವಸೆಯ ಮೇಲೆ ನಿಂತಿದೆ. ಯಾವ ಸಂಸ್ಥೆಯ ಹೆಸರೂ ಇಲ್ಲದೆ ಬರೀ ಮೊಲದ ಚಿತ್ರ ಇದ್ದರೆ ಅದು ಡಿಸೈನರ್ ಬಿಡಿಸಿದ ಮೊಲ, ಅಷ್ಟೇ.

ಹಸಿರು ಚುಕ್ಕಿ ವೀಗನ್ ಅಲ್ಲ

ಹೆಚ್ಚು ಜನ ಎಡವೋದು ಇಲ್ಲೇ. ಹಸಿರು ಚುಕ್ಕಿ ಹೇಳೋದು ಸಸ್ಯಾಹಾರಿ ಅಂತ ಮಾತ್ರ. ಹಾಲು, ಜೇನು ಸಸ್ಯಾಹಾರದ ಲೆಕ್ಕಕ್ಕೆ ಬರುತ್ತವೆ, ವೀಗನ್ ಲೆಕ್ಕಕ್ಕೆ ಬರೋದಿಲ್ಲ. ಬಾಮ್ ಗಟ್ಟಿಯಾಗಿರೋದು ಸಾಮಾನ್ಯವಾಗಿ ಜೇನುಮೇಣದಿಂದ. ಪಟ್ಟಿಯಲ್ಲಿ ಅದು ‘ಸೆರಾ ಆಲ್ಬಾ’ ಅನ್ನೋ ಹೆಸರಲ್ಲಿ ಇರುತ್ತೆ. ‘ಲ್ಯಾನೋಲಿನ್’ ಅಂದರೆ ಕುರಿ ಉಣ್ಣೆಯ ಜಿಡ್ಡು. ‘ಸಿಐ 75470’ ಅಂದರೆ ಕೀಟಗಳಿಂದ ತೆಗೆದ ಕೆಂಪು ಬಣ್ಣ. ಈ ಮೂರರಲ್ಲಿ ಒಂದಿದ್ದರೂ ಅದು ವೀಗನ್ ಅಲ್ಲ. ಜೇನುಮೇಣದ ಬದಲು ‘ಕ್ಯಾಂಡೆಲಿಲ್ಲಾ’ ಅಥವಾ ‘ಕಾರ್ನೂಬಾ’ ಇದ್ದರೆ ಅದು ಗಿಡದ ಮೇಣ.

ಲೀಪಿಂಗ್ ಬನ್ನಿ ಇದ್ದ ಮಾತ್ರಕ್ಕೂ ವೀಗನ್ ಆಗೋದಿಲ್ಲ, ಅದು ನೋಡೋದು ಪರೀಕ್ಷೆಯನ್ನು ಮಾತ್ರ. ಬ್ರಿಟನ್ನಿನ ವೀಗನ್ ಸೊಸೈಟಿಯ ಸೂರ್ಯಕಾಂತಿ ಚಿಹ್ನೆ ಕಚ್ಚಾವಸ್ತು, ಪ್ರಾಣಿ ಪರೀಕ್ಷೆ ಎರಡನ್ನೂ ನೋಡುತ್ತೆ.

ಇನ್ನೊಂದು ತೊಡಕಿದೆ. 30 ಗ್ರಾಂಗಿಂತ ಕಡಿಮೆ ಇರುವ ಗಟ್ಟಿ ಪದಾರ್ಥ, 60 ಮಿಲಿಗಿಂತ ಕಡಿಮೆ ಇರುವ ದ್ರವದ ಪ್ಯಾಕ್ ಮೇಲೆ ಕಚ್ಚಾವಸ್ತುಗಳ ಪಟ್ಟಿ ಹಾಕಲೇಬೇಕು ಅನ್ನೋ ನಿಯಮ ಇಲ್ಲ. ನಮ್ಮ 4 ಗ್ರಾಂ ಬಾಮ್ ಈ ವಿನಾಯಿತಿಯೊಳಗೆ ಬರುತ್ತೆ. ಹಾಗಾಗಿ ಪಟ್ಟಿ ಕಾಣದಿದ್ದರೆ ಹೊರಗಿನ ಡಬ್ಬಿ ಅಥವಾ ಕಂಪನಿ ವೆಬ್‌ಸೈಟ್ ನೋಡಿ. ಅಲ್ಲೂ ಇಲ್ಲದಿದ್ದರೆ ‘ವೀಗನ್’ ಅನ್ನೋದು ಕಂಪನಿಯ ಬಾಯಿಮಾತು.

ಆರ್ಗ್ಯಾನಿಕ್: ಎಷ್ಟು ಪಾಲು?

ಅಕ್ಕಿ, ಬೇಳೆ ಪ್ಯಾಕೆಟ್ ಮೇಲೆ ಕಾಣುವ ‘ಜೈವಿಕ್ ಭಾರತ್’ ಆಹಾರಕ್ಕೆ ಸಂಬಂಧಿಸಿದ ಮುದ್ರೆ. ಬಾಮ್ ಆಹಾರ ಅಲ್ಲ. ಅದರಲ್ಲಿರುವ ಎಣ್ಣೆಗೆ ಸಾವಯವ ಸರ್ಟಿಫಿಕೇಟ್ ಇರಬಹುದು, ಆದರೆ ಅದರಿಂದ ಇಡೀ ಬಾಮ್‌ಗೆ ಸರ್ಟಿಫಿಕೇಟ್ ಸಿಕ್ಕಂತೆ ಆಗಲ್ಲ.

ಸೌಂದರ್ಯವರ್ಧಕಗಳಿಗೆಂದೇ ಇರುವ ಮಾನದಂಡ ‘ಕಾಸ್ಮೊಸ್ ಆರ್ಗ್ಯಾನಿಕ್’. ‘ಇಕೋಸರ್ಟ್’ನಂಥ ಸಂಸ್ಥೆಗಳು ಪರಿಶೀಲಿಸಿ ಇದನ್ನು ಕೊಡುತ್ತವೆ. ಹಚ್ಚಿಕೊಂಡು ಬಿಡುವ ಕ್ರೀಮ್, ಬಾಮ್‌ನಲ್ಲಿ ಒಟ್ಟು ತೂಕದ ಕನಿಷ್ಠ ಶೇ 20ರಷ್ಟು ಸಾವಯವ ಇರಬೇಕು. ತೊಳೆದುಹೋಗುವ ಶಾಂಪೂನಲ್ಲಿ ಶೇ 10 ಸಾಕು, ಏಕೆಂದರೆ ಅದರಲ್ಲಿ ಬಹುಪಾಲು ನೀರು, ನೀರಿಗೆ ಸಾವಯವ ಅನ್ನೋ ಲೆಕ್ಕ ಇಲ್ಲ. ಎಷ್ಟು ಪಾಲು ಅಂತ ಲೇಬಲ್ ಮೇಲೆ ಬರೆದಿರಬೇಕು. ‘ಕಾಸ್ಮೊಸ್ ನ್ಯಾಚುರಲ್’ ಬೇರೆ, ಅದಕ್ಕೆ ಸಾವಯವದ ಕನಿಷ್ಠ ಮಿತಿಯೇ ಇಲ್ಲ. ಸಂಸ್ಥೆಯ ಹೆಸರು, ಶೇಕಡಾ ಎರಡೂ ಇಲ್ಲದ ‘ಆರ್ಗ್ಯಾನಿಕ್’ ಬಾಮ್‌ನಲ್ಲಿ ಸಾವಯವ ಎಣ್ಣೆ ಒಂದು ಹನಿ ಇದ್ದರೂ ಇರಬಹುದು.

ದೂರು ಎಲ್ಲಿ?

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ‘ಆರ್ಗ್ಯಾನಿಕ್’, ‘ನ್ಯಾಚುರಲ್’, ‘ಕ್ರೂಯೆಲ್ಟಿ ಫ್ರೀ’ ಅನ್ನೋ ಪದಗಳನ್ನು ಆಧಾರ ಕೊಡದೆ ಬಳಸುವಂತಿಲ್ಲ. ಲೇಬಲ್‌ನ ಫೋಟೊ ತೆಗೆದು, ಬಿಲ್ ಇಟ್ಟುಕೊಂಡು, ಮೊದಲು ಕಂಪನಿಯ ಗ್ರಾಹಕ ಸೇವಾ ವಿಳಾಸಕ್ಕೆ ‘ಸರ್ಟಿಫಿಕೇಟ್ ಕೊಟ್ಟವರು ಯಾರು’ ಅಂತ ಕೇಳಿ. ಸಂಸ್ಥೆಯ ಹೆಸರು ಹೇಳಿದರೆ ಆ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಬ್ರ್ಯಾಂಡ್ ಹುಡುಕಿ, ಲೀಪಿಂಗ್ ಬನ್ನಿಗಾದರೆ leapingbunny.org. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.