ಸಂತೆಯ ಚಿತ್ರ, ನಾಲ್ಕು ಪ್ರಶ್ನೆ

ದಾವಣಗೆರೆಯಲ್ಲಿ ಬಿ.ಇಡಿ. ಓದುತ್ತಿರುವ ನಾನು ವಾರಕ್ಕೆ ಮೂರು ಸಂಜೆ ವಯಸ್ಕರ ಅಕ್ಷರ ತರಗತಿಯಲ್ಲಿ ಸ್ವಯಂಸೇವಕಿ. ಕಲಿಯಲು ಬರುವವರು ಹನ್ನೊಂದು ಮಂದಿ. ಕೇಂದ್ರದ ಉಲ್ಲಾಸ್ ಯೋಜನೆಯಲ್ಲಿ ಓದು, ಬರಹ, ಲೆಕ್ಕಕ್ಕೆ ತಲಾ 50ರಂತೆ 150 ಅಂಕದ ಪರೀಕ್ಷೆ ಇದೆ. ಅದು ಕಲಿತ ಮೇಲಿನ ಮಾತು. ಮೊದಲ ವಾರವೇ ನಮಗೆ ಬೇರೊಂದು ಸಂಗತಿ ಗೊತ್ತಾಗಬೇಕು. ಎದುರಿಗೆ ಕುಳಿತವರಿಗೆ ಅಕ್ಷರ ಮಾತ್ರ ಹೊಸದೋ, ಕನ್ನಡವೇ ಹೊಸದೋ? ಪೆನ್ಸಿಲ್ ಹಿಡಿಯದವರ ಕೈಗೆ ಪ್ರಶ್ನೆಪತ್ರಿಕೆ ಕೊಟ್ಟು ಇದನ್ನು ತಿಳಿಯಲಾಗದು. ಅದಕ್ಕೇ ಚಿತ್ರ ತೋರಿಸಿ ಮಾತಾಡಿಸುತ್ತೇವೆ.

ನಾವು ಬಳಸುವುದು ಒಂದೇ ದೊಡ್ಡ ಚಿತ್ರ, ಸಂತೆಯದ್ದು. ತಕ್ಕಡಿ ಹಿಡಿದ ವ್ಯಾಪಾರಿ, ದುಡ್ಡು ಎಣಿಸುತ್ತಿರುವ ಹೆಂಗಸು, ಟೊಮೆಟೊ ರಾಶಿ, ಅಳುವ ಹುಡುಗ, ಮೇಲೆ ಕರಿಮೋಡ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಐದು ನಿಮಿಷ ಮಾತಾಡಿಸಬೇಕು. ಎಲ್ಲರೆದುರು ಕೇಳಿದರೆ ಎರಡನೆಯವರು ಮೊದಲನೆಯವರ ಉತ್ತರವನ್ನೇ ಹೇಳುತ್ತಾರೆ.

ಕೇಳುವುದು ನಾಲ್ಕು ಬಗೆ. ಮೊದಲು ತೋರಿಸುವುದು: ‘ತಕ್ಕಡಿ ಎಲ್ಲೈತೆ, ತೋರಿಸಿ’. ಇಂಥವು ಐದು. ಮಾತಾಡಲು ಬಾರದವರಿಗೂ ಅರ್ಥವಾಗುತ್ತದೆಯೇ ಎಂಬುದು ಇಲ್ಲೇ ತಿಳಿಯುತ್ತದೆ. ಆಮೇಲೆ ಹೆಸರಿಸುವುದು: ‘ಇದೇನು?’ ಇವೂ ಐದು. ಮೂರನೆಯದು ‘ಇಲ್ಲಿ ಏನು ನಡೀತೈತೆ?’ ಬಿಡಿ ಪದ ಬಂದರೆ 1, ವಾಕ್ಯ ಬಂದರೆ 2, ಒಂದಕ್ಕೊಂದು ಜೋಡಿಸಿ ಹೇಳಿದರೆ 3. ಕೊನೆಯದು ‘ಮುಂದೇನಾಗಬಹುದು?’ ಊಹೆಗೆ 1, ಕಾರಣವನ್ನೂ ಹೇಳಿದರೆ 2.

ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತು ಎಣಿಸಬೇಕು, ಒಮ್ಮೆ ಮಾತ್ರ ಮತ್ತೆ ಕೇಳಬಹುದು. ‘ಅವಳು ದುಡ್ಡು ಎಣಿಸ್ತಿದಾಳೆ, ಅಲ್ವಾ?’ ಎಂದು ಕೇಳಿದರೆ ಹೌದು ಎಂದೇ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಹೇಳಿದ್ದನ್ನು ತಿದ್ದದೆ ಅವರ ಮಾತಲ್ಲೇ ಬರೆದುಕೊಳ್ಳಬೇಕು.

ತಾಂಡಾದಿಂದ ಬರುವ ಒಬ್ಬ ಅಕ್ಕ ಐದನ್ನೂ ತೋರಿಸಿದರು, ಹೆಸರು ಹೇಳಿದ್ದು ಮೂರಕ್ಕೆ. ಏನು ನಡೆಯುತ್ತಿದೆ ಎಂದಾಗ, ‘ಹೆಂಗಸು... ದುಡ್ಡು... ಮಳೆ’ ಎಂದು ನಿಲ್ಲಿಸಿದರು. ಊಹೆಗೆ ಮೌನ. ಅಂಕ 5, 3, 1, 0. ಇಲ್ಲಿಗೇ ಬಿಟ್ಟಿದ್ದರೆ ‘ನಿಧಾನ’ ಎಂಬ ಷರಾ ಬೀಳುತ್ತಿತ್ತು. ನಮ್ಮ ಕ್ರಮದಲ್ಲಿ ಮನೆಮಾತು ಬೇರೆ ಇದ್ದವರಿಗೆ ಕೊನೆಯ ಎರಡು ಪ್ರಶ್ನೆಗಳನ್ನು ಅವರ ಮಾತಲ್ಲೇ ಮತ್ತೆ ಕೇಳುತ್ತೇವೆ. ಅವರ ಓಣಿಯ ಇನ್ನೊಬ್ಬರು ಲಂಬಾಣಿಯಲ್ಲಿ ಕೇಳಿದರು. ಈ ಅಕ್ಕ ನಿಲ್ಲದೆ ಮಾತಾಡಿದರು: ಚಿಲ್ಲರೆ ಕಡಿಮೆ ಕೊಟ್ಟಿದ್ದಾನೆ, ಅದಕ್ಕೇ ಅವಳು ಎಣಿಸುತ್ತಿದ್ದಾಳೆ, ಮಳೆ ಬಂದರೆ ಅವನು ಮಾಲು ಕಟ್ಟಿಕೊಂಡು ಹೋಗಿಬಿಡುತ್ತಾನೆ, ಈಗಲೇ ಕೇಳಬೇಕು. ಇದಕ್ಕೆ 3, 2. ಯೋಚನೆಯಲ್ಲಿ ಕೊರತೆಯಿಲ್ಲ, ಕನ್ನಡದ ಪದಗಳು ಸಾಲದು.

ಅದೇ ದಿನ ಬಂದ ಗಾರೆ ಕೆಲಸದ ಹಿರಿಯರೊಬ್ಬರ ಮನೆಮಾತು ಕನ್ನಡ. ಅವರಿಗೆ 5, 5, 3, 2. ‘ತಕ್ಕಡಿ ವಾಲೈತೆ ಕಣವ್ವ, ತೂಕದಾಗೆ ಮೋಸ’ ಎಂದರು. ಅಕ್ಷರ ಮಾತ್ರ ಒಂದೂ ಗೊತ್ತಿಲ್ಲ.

ಇಬ್ಬರ ಪಾಠವೂ ಇಲ್ಲಿಂದ ಬೇರೆಯಾಯಿತು. ಹಿರಿಯರಿಗೆ ಮರುದಿನದಿಂದಲೇ ಅಕ್ಷರ, ಅದೂ ಅದೇ ಚಿತ್ರದ ಪದಗಳಿಂದ. ಆದರೆ ಅವರು ಮೊದಲು ಹೇಳಿದ ‘ತಕ್ಕಡಿ’ಯಿಂದಲ್ಲ, ಅದರಲ್ಲಿ ಒತ್ತಕ್ಷರವಿದೆ. ‘ಹಣ’ದಲ್ಲಿ ಎರಡೂ ಬರೀ ಅಕ್ಷರ, ಗುಣಿತವೂ ಇಲ್ಲ. ಅಲ್ಲಿಂದ ‘ಮಳೆ’ಗೆ ಹೋದರೆ ಒಂದು ಗುಣಿತ ಸೇರುತ್ತದೆ. ಅಕ್ಕನಿಗೆ ಮೊದಲ ಎರಡು ವಾರ ಚಿತ್ರ ನೋಡಿ ಕನ್ನಡದಲ್ಲಿ ಮಾತಾಡುವ ಅಭ್ಯಾಸವೇ ಹೆಚ್ಚು, ಬಾಯಿಗೆ ಬಂದ ಪದಗಳನ್ನಷ್ಟೇ ಬರೆಯುವುದು. ಅರ್ಥ ಗೊತ್ತಿಲ್ಲದ ಪದವನ್ನು ಅಕ್ಷರ ಕೂಡಿಸಿ ಓದಿದರೂ ಅದು ಸರಿಯೋ ತಪ್ಪೋ ಅವರಿಗೇ ತಿಳಿಯುವುದಿಲ್ಲ. ನಾಲ್ಕು ಅಂಕಗಳನ್ನು ನಾವು ಕೂಡಿಸದೇ ಇರುವುದೂ ಇದಕ್ಕೇ. ಒಟ್ಟು 9 ಎಂದು ಬರೆದರೆ ತೊಡಕು ಎಲ್ಲಿದೆ ಎಂಬುದು ಮರೆಯಾಗುತ್ತದೆ.

ಚಿತ್ರವೂ ದಾರಿ ತಪ್ಪಿಸಬಲ್ಲದು. ದೂರದಲ್ಲಿರುವವರನ್ನು ಚಿಕ್ಕದಾಗಿ ಬರೆಯುವುದು ಓದಿದವರಿಗೆ ರೂಢಿ, ಎಲ್ಲರಿಗೂ ಅಲ್ಲ. ನಮ್ಮ ಚಿತ್ರದ ಹಿಂಬದಿಯಲ್ಲಿ ಛತ್ರಿ ಹಿಡಿದವನನ್ನು ಹನ್ನೊಂದರಲ್ಲಿ ಏಳು ಮಂದಿ ‘ಮಗು’ ಎಂದರು. ಒಬ್ಬರು ಎಡವಿದರೆ ಅವರನ್ನು ಇನ್ನೊಮ್ಮೆ ಕೇಳಬೇಕು. ಒಂದೇ ಜಾಗದಲ್ಲಿ ಹಲವರು ಎಡವಿದರೆ ಚಿತ್ರವನ್ನೇ ಬದಲಿಸಬೇಕು. ಆ ಪ್ರಶ್ನೆಯನ್ನು ಕೈಬಿಟ್ಟು, ಎಲ್ಲರೂ ಮುಂದೆಯೇ ನಿಂತಿರುವ ಚಿತ್ರ ಬರೆಸಿದೆವು.

ಮೂರು ತಿಂಗಳ ಮೇಲೆ ಮತ್ತೆ ಕೇಳುವಾಗ ಸಂತೆಯ ಚಿತ್ರ ಬೇಡ, ಅದರ ಉತ್ತರಗಳು ಬಾಯಿಪಾಠವಾಗಿರುತ್ತವೆ. ಬಸ್ ನಿಲ್ದಾಣದ್ದೋ ರೇಷನ್ ಅಂಗಡಿಯದ್ದೋ ಸಾಕು, ಪ್ರಶ್ನೆಗಳ ಬಗೆ ಮಾತ್ರ ಅವೇ ನಾಲ್ಕು. ಇದರಿಂದ ಮಾತು ಎಷ್ಟು ಬೆಳೆಯಿತೆಂದು ತಿಳಿಯುತ್ತದೆಯೇ ಹೊರತು ಓದು ಎಷ್ಟು ಬಂತೆಂದಲ್ಲ. ಓದನ್ನು ಓದಿಸಿಯೇ ನೋಡಬೇಕು. ಕಳೆದ ವಾರ ಬಸ್ ನಿಲ್ದಾಣದ ಚಿತ್ರ ನೋಡಿ ತಾಂಡಾದ ಅಕ್ಕ ಕನ್ನಡದಲ್ಲೇ ಹೇಳಿದರು: ‘ಬಸ್ಸು ಹೋತು ಮೇಡಂ, ಚೀಲ ಇಲ್ಲೇ ಐತಿ, ಅದಕ್ಕ ಅಕಿ ಓಡಾಕತ್ಯಾಳ.’ ನನ್ನ ಹಾಳೆಯಲ್ಲಿ ಮೂರನೆಯ ಸಾಲಿಗೆ 3 ಎಂದು ಬರೆದೆ.