ಸೆರಗಿಗೆ ಸಾಲದ ಸೀರೆ

ಹಬ್ಬಕ್ಕೆಂದು ತಂಗಿಗೆ ತಂದ ಹತ್ತಿ ಸೀರೆಯ ಚೀಟಿಯಲ್ಲಿ ‘ಬ್ಲೌಸ್ ಸಹಿತ 6 ಮೀಟರ್’ ಎಂದಿತ್ತು. ಬೆಲೆ 1,200 ರೂಪಾಯಿ. ಆರು ಗಜ ಅಂದರೆ ಐದೂವರೆ ಮೀಟರ್ ತಾನೆ, ಇದು ಅದಕ್ಕಿಂತ ಹೆಚ್ಚೇ ಇದೆಯಲ್ಲ ಎಂದು ಖುಷಿಯಿಂದ ತಂದಿದ್ದೆ. ಟೈಲರ್ ರವಿಕೆಗೆ 80 ಸೆಂಟಿಮೀಟರ್ ಕತ್ತರಿಸಿಕೊಂಡ ಮೇಲೆ ಉಳಿದದ್ದು 5.2 ಮೀಟರ್. “ಅಣ್ಣಾ, ನೆರಿಗೆ ಹಿಡಿದರೆ ಸೆರಗು ಸಾಲದು, ಸೆರಗು ಬಿಟ್ಟರೆ ನೆರಿಗೆ ಇಲ್ಲ” ಅಂದಳು.

ಉಡಲು ಐದೂವರೆ, ರವಿಕೆಗೆ 80 ಸೆಂಟಿಮೀಟರ್, ಒಟ್ಟು 6.3 ಮೀಟರ್. ರವಿಕೆ ಸೇರಿದ ಸೀರೆಗೆ ಇದೇ ಸರಿಯಾದ ಲೆಕ್ಕ. ಅದೇ ಅಂಗಡಿಯಲ್ಲಿ ಇನ್ನೆರಡು ಸೀರೆಗಳಿದ್ದವು. ಒಂದು ರವಿಕೆ ಸಹಿತ 6.3 ಮೀಟರ್, 1,260 ರೂಪಾಯಿ. ಇನ್ನೊಂದು ರವಿಕೆಯಿಲ್ಲದೆ 5.5 ಮೀಟರ್, 1,155 ರೂಪಾಯಿ. ಎರಡನೆಯದು ಅಗ್ಗ ಅನಿಸುತ್ತದೆ. ಆದರೆ 120 ರೂಪಾಯಿಯ ರವಿಕೆ ಕಣ ಬೇರೆ ಕೊಂಡರೆ ಅದು 1,275 ಆಗುತ್ತದೆ. ನನ್ನ ಸೀರೆಗೂ 6.3 ಮೀಟರಿನದಕ್ಕೂ ಮೀಟರಿಗೆ ಇನ್ನೂರೇ ರೂಪಾಯಿ. ದರ ಒಂದೇ ಆದರೂ ಒಂದು ಉಡಲು ಬರುತ್ತದೆ, ಇನ್ನೊಂದು ಬರುವುದಿಲ್ಲ.

ಉದ್ದದಷ್ಟೇ ಪನ್ನವನ್ನೂ ನೋಡಬೇಕು. ಸೀರೆಯ ಪನ್ನವೇ ಸೊಂಟದಿಂದ ಪಾದದವರೆಗೆ ಇಳಿಯುವುದು. ಸಾಮಾನ್ಯವಾಗಿ ಅದು 45ರಿಂದ 48 ಇಂಚು. ಎತ್ತರದವರು 45 ಇಂಚಿನದನ್ನು ಉಟ್ಟರೆ, ಒಳಗೆ ಸಿಕ್ಕಿಸಿದ ಮೇಲೆ ಅಂಚು ಗೆಣ್ಣಿನ ಮೇಲೇ ನಿಲ್ಲುತ್ತದೆ. ಹತ್ತಿ ಸೀರೆ ಒಗೆದ ಮೇಲೆ ಕುಗ್ಗುವುದೂ ಉಂಟು. ನೂರಕ್ಕೆ ಮೂರರಷ್ಟು ಕುಗ್ಗಿದರೂ ಐದೂವರೆ ಮೀಟರಿನಲ್ಲಿ ಮುಕ್ಕಾಲು ಗೇಣಿನಷ್ಟು ಹೋಗುತ್ತದೆ.

ಬಿಡಿ ರವಿಕೆ ಕಣ ಕೊಳ್ಳುವಾಗಲೂ ಪನ್ನ ಕೇಳಿ. 44 ಇಂಚಿನ ಪನ್ನವಾದರೆ 80 ಸೆಂಟಿಮೀಟರ್ ಸಾಕು. 36 ಇಂಚಿನದಾದರೆ ಅಷ್ಟೇ ಬಟ್ಟೆಗೆ ಒಂದು ಮೀಟರ್ ಬೇಕು. ಮೊದಲನೆಯದು ತುಸು ದುಬಾರಿ ಕಂಡರೂ ಕೈಗೆ ಬರುವ ಬಟ್ಟೆ ಹೆಚ್ಚುಕಡಿಮೆ ಒಂದೇ.

ಪಂಚೆಯ ಲೆಕ್ಕ ಇನ್ನೂ ಮೊಳದಲ್ಲೇ ನಡೆಯುತ್ತದೆ. ಒಂದು ಮೊಳ ಅಂದರೆ ಸುಮಾರು 45 ಸೆಂಟಿಮೀಟರ್. ಅಡ್ಡಪಂಚೆ 4 ಮೊಳ, ಅಂದರೆ 1.8 ಮೀಟರ್, ಅದನ್ನೇ ಎರಡು ಸುತ್ತು ಉಡುವಂಥದ್ದು 8 ಮೊಳ. ಪೂಜೆಗೆ ಕೊಳ್ಳುವ ಜೋಡಿಯ ಮೇಲೆ ‘9×5’ ಎಂದಿರುತ್ತದೆ. ಅದನ್ನು ಉದ್ದ, ಅಗಲ ಎಂದು ಓದುವವರೇ ಹೆಚ್ಚು. ನಿಜಕ್ಕೂ ಅದು ಪಂಚೆಗೆ 9 ಮೊಳ, ಶಲ್ಯಕ್ಕೆ 5 ಮೊಳ: ಸುಮಾರು 4 ಮೀಟರ್ ಮತ್ತು ಎರಡೂಕಾಲು ಮೀಟರ್. ಕಚ್ಚೆ ಹಾಕುವ ದಪ್ಪ ಮೈಯವರಿಗೆ 10×6 ಹಿತ. ಪಂಚೆಯ ಅಗಲ ಸಾಮಾನ್ಯವಾಗಿ 50 ಇಂಚು.

ಪ್ಯಾಕ್ ಮಾಡಿದ ಸೀರೆ, ಪಂಚೆಗಳ ಮೇಲೆ ಅಳತೆ ನಮೂದಿಸಬೇಕೆಂಬ ನಿಯಮವೇ ಇದೆ. ಚೀಟಿಯಲ್ಲಿ ‘ಬ್ಲೌಸ್ ಸಹಿತ’ ಎಂದು ಕಂಡರೆ ಮನಸ್ಸಲ್ಲೇ 80 ಸೆಂಟಿಮೀಟರ್ ಕಳೆಯಿರಿ. ಅನುಮಾನವಿದ್ದರೆ ಮಡಿಕೆ ಬಿಡಿಸಿಸಿ, ಅಂಚಿನುದ್ದಕ್ಕೂ ಮೀಟರ್ ಕೋಲು ಹಿಡಿಸಿ. ಈ ಸಲ ತಂಗಿಯ ಸೀರೆಗೆ ನಾನು ಮಾಡಿಸಿದ್ದೂ ಅದನ್ನೇ.